ವಿಯೆಟ್ನಾಂ ತರಬೇತಿಯ ವರದಿ: ಮೊದಲ ಪುಟದಲ್ಲಿ ಏನಿರಬೇಕು?

ಸಂಪಾದಕರೇ, ಕಾಫಿ ಬೆಳೆಗಾರರಿಗೆ ಸಲಹೆ ನೀಡುವ ಸರ್ಕಾರಿ ಕಚೇರಿಯೊಂದರಲ್ಲಿ ನನ್ನ ಕೆಲಸ. ಹಳೆಯ ರೊಬಸ್ಟಾ ಗಿಡಗಳ ಪುನಶ್ಚೇತನ ಕಲಿಯಲು ವಿಯೆಟ್ನಾಂನ ಬುವಾನ್ ಮಾ ಥುವೊಟ್‌ಗೆ ಕಳುಹಿಸಿದ್ದರು. ಈಗ ಕಲಿತದ್ದು, ಪರಿಚಯವಾದವರು, ಕಚೇರಿಗೆ ಸಲಹೆಗಳು ಎಂದು ವರದಿ ಕೇಳಿದ್ದಾರೆ. ದಿನಚರಿಯಂತೆ ಬರೆಯುತ್ತಾ ಹೋಗಿ ಪುಟಗಳು ರಾಶಿಯಾಗಿವೆ. ಯಾರಾದರೂ ಓದುತ್ತಾರೆಯೇ ಎಂದು ನನಗೇ ಅನುಮಾನ. ಏನು ಮಾಡಲಿ?
— ಓದುಗರೊಬ್ಬರು, ವಿರಾಜಪೇಟೆ

ಆ ಪುಟಗಳನ್ನು ಹರಿಯಬೇಡಿ, ಅನುಬಂಧಕ್ಕೆ ತಳ್ಳಿ. ವಿಮಾನ ಎಷ್ಟು ಹೊತ್ತಿಗೆ ಇಳಿಯಿತು, ಉದ್ಘಾಟನೆಗೆ ಯಾರು ಬಂದಿದ್ದರು ಎಂಬುದು ನಿಮ್ಮ ಮೇಲಧಿಕಾರಿಗೆ ಬೇಡ. ಅವರು ಸಹಿ ಹಾಕಬಹುದಾದ ಒಂದು ಪ್ರಸ್ತಾವ ಬೇಕು. ಅದು ಮೊದಲ ಪುಟದಲ್ಲಿರಲಿ.

ಅಲ್ಲಿ ಹಳೆಯ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಬುಡದಿಂದ ಎದ್ದ ಚಿಗುರುಗಳಲ್ಲಿ ಗಟ್ಟಿಯಾದವನ್ನು ಉಳಿಸಿ, ಅವುಗಳ ಮೇಲೆ ಆಯ್ದ ತಾಯಿಗಿಡದ ಕುಡಿಯನ್ನು ಕಸಿ ಕಟ್ಟುವುದನ್ನು ನೀವು ನೋಡಿರುತ್ತೀರಿ. 'ಈ ವಿಧಾನವನ್ನು ಕೊಡಗಿನಲ್ಲೂ ಅಳವಡಿಸಬಹುದು' ಎಂದಷ್ಟೇ ಬರೆದರೆ, 'ಗಮನಿಸಲಾಗಿದೆ' ಎಂಬ ಷರಾ ಬಿದ್ದು ಕಡತ ಮುಚ್ಚುತ್ತದೆ. ಬದಲಿಗೆ ಹೀಗೆ ಕೇಳಿ: ಒಪ್ಪುವ ಒಬ್ಬ ಬೆಳೆಗಾರರ ತೋಟದಲ್ಲಿ, ಒಂದೇ ನೆರಳಿನಲ್ಲಿ ಒಂದೇ ವಯಸ್ಸಿನ ಮೂವತ್ತು ಗಿಡ. ಹತ್ತನ್ನು ಇದ್ದಂತೆಯೇ ಬಿಡುವುದು, ಹತ್ತನ್ನು ಕಡಿದು ಅದರದೇ ಚಿಗುರು ಬೆಳೆಸುವುದು, ಉಳಿದ ಹತ್ತನ್ನು ಕಡಿದು ಕಸಿ ಕಟ್ಟುವುದು. ನಡುವಿನ ಹತ್ತನ್ನು ಎಲ್ಲರೂ ಮರೆಯುತ್ತಾರೆ. ಮುದಿ ಗಿಡವನ್ನು ಕಡಿದರೆ ಸಾಕು, ಹೊಸ ರೆಂಬೆಗಳು ಬಂದು ಫಸಲು ಸುಧಾರಿಸುವುದುಂಟು. ಆ ಸಾಲಿಲ್ಲದಿದ್ದರೆ ಕಸಿಯ ಕೂಲಿ ವಸೂಲಾಯಿತೇ ಎಂಬುದು ತಿಳಿಯುವುದೇ ಇಲ್ಲ.

ಖರ್ಚನ್ನೂ ಅಲ್ಲೇ ಬರೆಯಿರಿ. ಗಿಡಕ್ಕೆ ಅಂದಾಜು ಒಂದು ಕೆ.ಜಿ. ಕ್ಲೀನ್ ಕಾಫಿ ಎಂದುಕೊಂಡರೆ, ಕಡಿದ ಇಪ್ಪತ್ತು ಗಿಡಗಳಿಂದ ಎರಡು ಫಸಲಿಗೆ ನಲವತ್ತು ಕೆ.ಜಿ. ನಷ್ಟ. ಇದನ್ನು ಯಾರು ಭರಿಸುತ್ತಾರೆ ಎಂದು ಮೊದಲೇ ತೀರ್ಮಾನವಾಗದಿದ್ದರೆ ಎರಡನೇ ವರ್ಷ ಬೆಳೆಗಾರರು ಮುಖ ತಿರುಗಿಸುತ್ತಾರೆ. ಅವರ ತಪ್ಪೂ ಅಲ್ಲ.

ಸೋಲನ್ನು ಹೇಗೆ ಗುರುತಿಸುವುದು ಎಂಬುದಕ್ಕೂ ಎರಡು ಸಾಲು ಬೇಕು. ಕಸಿ ಒಣಗಿದ ಮೇಲೆ ಅದರ ಕೆಳಗಿನಿಂದ ಹಳೆಯ ಗಿಡದ ಚಿಗುರು ಎದ್ದು, ಅದನ್ನೇ ಹೊಸ ತಳಿ ಎಂದು ಸಾಕುವುದು ಸಾಮಾನ್ಯ. ಕಸಿಗೂಡಿದ ಜಾಗಕ್ಕೆ ಬಣ್ಣ ಹಚ್ಚಿ, ಅದರ ಕೆಳಗಿನ ಚಿಗುರನ್ನು ತಪ್ಪದೆ ಚಿವುಟಬೇಕೆಂದು ಸೂಚಿಸಿ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದು ತಡವಾಗಿ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂದೇ ತಾಯಿಗಿಡದ ಕುಡಿಯನ್ನು ಇಡೀ ತೋಟಕ್ಕೆ ಕಟ್ಟಿದರೆ ಗಿಡ ಹಸಿರಾಗಿ ಬೆಳೆದು, ಹೂವೂ ತುಂಬಿ, ಕಾಯಿ ಮಾತ್ರ ನಿಲ್ಲದೆ ಹೋಗಬಹುದು. ಮೂವತ್ತು ಗಿಡದಲ್ಲಿ ಇದು ಕಾಣದು, ಸುತ್ತಲಿನ ಗಿಡಗಳ ಪರಾಗ ಕಾಪಾಡುತ್ತದೆ. ಆದ್ದರಿಂದ ಪ್ರಯೋಗ ಗೆದ್ದರೂ, ವಿಸ್ತರಿಸುವಾಗ ಹಲವು ತಾಯಿಗಿಡಗಳನ್ನು ಬೆರೆಸಲೇಬೇಕೆಂದು ಈಗಲೇ ಬರೆದಿಡಿ.

'ಕಲಿತದ್ದು' ಎಂಬ ಭಾಗದಲ್ಲಿ ಪ್ರತಿ ಸಂಗತಿಯ ಪಕ್ಕದಲ್ಲೇ ಅಲ್ಲಿನ ಪರಿಸ್ಥಿತಿ ಇರಲಿ. ಬುವಾನ್ ಮಾ ಥುವೊಟ್ ಇರುವ ದಾಕ್ ಲಾಕ್‌ನ ತೋಟಗಳಲ್ಲಿ ನೆರಳು ಕಡಿಮೆ, ಗೊಬ್ಬರ ಹೆಚ್ಚು, ಒಣ ತಿಂಗಳುಗಳಲ್ಲಿ ಮತ್ತೆ ಮತ್ತೆ ನೀರು. ನಮ್ಮಲ್ಲಿ ಸಿಲ್ವರ್ ಓಕ್, ಹಾಲುವಾಣ, ಕಾಡುಮರಗಳ ಕೆಳಗೆ ಕಾಫಿ. ನೀರೆಂದರೆ ಹೂಮಳೆ, ಅದು ತಪ್ಪಿದರೆ ಸ್ಪ್ರಿಂಕ್ಲರ್. ಅಲ್ಲಿನ ಇಳುವರಿಯನ್ನೆಲ್ಲ ಕಸಿಯ ಲೆಕ್ಕಕ್ಕೆ ಬರೆದರೆ ಓದಿದವರು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಜೂನ್–ಆಗಸ್ಟ್‌ನ ನಮ್ಮ ಜಡಿಮಳೆಯಲ್ಲಿ ಕಸಿಯ ಗಾಯಕ್ಕೆ ನೀರಿಳಿಯುವ ಭಯವೂ ಇದೆ. ಅರ್ಧ ಗಿಡಗಳಿಗೆ ಮಳೆಗೆ ಮೊದಲು, ಅರ್ಧಕ್ಕೆ ಸೆಪ್ಟೆಂಬರಿನಲ್ಲಿ ಕಸಿ ಕಟ್ಟಿ ನೋಡೋಣ ಎನ್ನಿ.

ಪರಿಚಯವಾದವರ ವಿಷಯ ಚಿಕ್ಕದು. ವಿಸಿಟಿಂಗ್ ಕಾರ್ಡುಗಳ ಜೆರಾಕ್ಸ್ ಅಂಟಿಸಬೇಡಿ. ಯಾವ ಪ್ರಶ್ನೆಗೆ ಯಾರನ್ನು ಕೇಳಬಹುದು, ಅವರು ಏನು ಕಳುಹಿಸಲು ಒಪ್ಪಿದ್ದಾರೆ, ನೀವು ಏನು ಕೊಡುತ್ತೇನೆಂದು ಹೇಳಿ ಬಂದಿರಿ ಎಂಬಷ್ಟು ಸಾಕು. ಯಾರಾದರೂ ಅಲ್ಲಿನ ರೊಬಸ್ಟಾ ತಳಿಗಳಾದ ಟಿಆರ್4, ಟಿಆರ್9ರ ಕುಡಿ ಕೊಡುತ್ತೇವೆ ಎಂದಿದ್ದರೆ ಅದನ್ನು ಪ್ರಸ್ತಾವವಾಗಿಸಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಪರವಾನಗಿ ಇಲ್ಲದೆ ಅಂಥದ್ದನ್ನು ತರುವಂತಿಲ್ಲ. ಕಸಿಯ ಕೈಚಳಕ ಅಲ್ಲಿಯದಿರಲಿ. ಕುಡಿಗೆ ಇಲ್ಲಿನ ರೊಬಸ್ಟಾ ತಳಿಗಳಾದ ಎಸ್.274, ಸಿ×ಆರ್ ತೋಟಗಳ ಒಳ್ಳೆಯ ತಾಯಿಗಿಡಗಳನ್ನು ಗುರುತಿಸಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ನೆರವು ಕೇಳಿ.

ಗಡುವು ನಿಮ್ಮ ಆದೇಶದಲ್ಲಿ ಇದ್ದೇ ಇರುತ್ತದೆ, ಆದರೆ ತೋಟದ ಗಡುವು ಬೇರೆ. ಗಿಡ ಕಡಿಯಬೇಕಾದದ್ದು ರೊಬಸ್ಟಾ ಕೊಯ್ಲು ಮುಗಿದ ಕೂಡಲೇ, ಫೆಬ್ರವರಿ–ಮಾರ್ಚಿನಲ್ಲಿ. ಅಷ್ಟರೊಳಗೆ ಮಂಜೂರಾತಿ ಸಿಗಬೇಕಾದರೆ ವರದಿ ಈ ವಾರವೇ ಮೇಜು ಸೇರಲಿ. ಅನುಬಂಧದ ಫೋಟೋಗಳನ್ನು ಆಮೇಲೆ ಕಳುಹಿಸಿದರಾಯಿತು.