ಆನ್‌ಕಾಲ್ ಪಾಳಿಯ ಮೊದಲ ಗಂಟೆ
ಪ್ರಶ್ನೆ: ಪಾಳಿ ಶುರುವಾದಾಗ ಮೊದಲು ಅಲರ್ಟ್ ಅಕ್ನಾಲೆಜ್ ಮಾಡಬೇಕಾ, ಹಿಂದಿನ ಪಾಳಿಯವರು ಬರೆದಿಟ್ಟ ಹ್ಯಾಂಡೋವರ್ ಓದಬೇಕಾ?

ಮೊದಲು ಹ್ಯಾಂಡೋವರ್ ಓದಿ. ಓದುವಾಗಲೇ ಹೊಸ ಪೇಜ್, ಅಂದರೆ ಅಲರ್ಟ್‌ನ ತುರ್ತು ಕರೆ, ಬಂದರೆ ಮಾತ್ರ ಅಕ್ನಾಲೆಜ್ ಮಾಡಿ ತಕ್ಷಣ ಅದನ್ನು ನೋಡಿ.

ಅಕ್ನಾಲೆಜ್ ಅಂದರೆ 'ಇದನ್ನು ನಾನು ನೋಡುತ್ತಿದ್ದೇನೆ' ಅಂತ. ಒತ್ತಿದ ಕೂಡಲೇ ಮುಂದಿನವರಿಗೆ ಕರೆ ಹೋಗುವುದು ನಿಲ್ಲುತ್ತದೆ, ತೊಂದರೆ ಹಾಗೇ ಇರುತ್ತದೆ. ಸುಮ್ನೆ ಒತ್ತಿಬಿಟ್ಟರೆ ಅದನ್ನು ಯಾರೂ ನೋಡುವುದಿಲ್ಲ, ಅಲ್ವಾ?

ಹ್ಯಾಂಡೋವರ್‌ನಲ್ಲಿ ನಾನು ಮೊದಲು ಹುಡುಕುವುದು ತಾತ್ಕಾಲಿಕವಾಗಿ ಸೈಲೆನ್ಸ್ ಮಾಡಿದ ಅಲರ್ಟ್‌ಗಳನ್ನು. ಒಮ್ಮೆ ಬೆಳಿಗ್ಗೆ 9ಕ್ಕೆ ಡೇಟಾಬೇಸ್ ಡಿಸ್ಕ್ ಶೇ. 85 ತುಂಬಿತ್ತು, ಗಂಟೆಗೆ ಶೇ. 4ರಷ್ಟು ಏರುತ್ತಿತ್ತು. ಹಿಂದಿನ ಪಾಳಿಯವರು ಅದನ್ನು 11ರವರೆಗೆ ಸೈಲೆನ್ಸ್ ಮಾಡಿ, 'ಹಳೆ ಬ್ಯಾಕಪ್ ಅಳಿಸುವುದು ಬಾಕಿ' ಎಂದು ಬರೆದಿದ್ದರು. ಓದದೇ ಇದ್ದಿದ್ದರೆ, ಮತ್ತೆ ಪೇಜ್ ಬರುವಷ್ಟರಲ್ಲಿ ಶೇ. 93 ಆಗಿರುತ್ತಿತ್ತು.