ಮೊದಲ ಲೈವ್ ಕ್ಲಾಸ್‌ಗೆ ಸ್ಕ್ರಿಪ್ಟ್: ಕಣ್ಣಿಗಲ್ಲ, ಕಿವಿಗೆ ಬರೆಯಿರಿ

"ಭಾನುವಾರ ಬೆಳಗ್ಗೆ 6ಕ್ಕೆ ನನ್ನ ಮೊದಲ ಲೈವ್. 10 ನಿಮಿಷ ಪರಿಚಯ, 12 ಸುತ್ತು ಸೂರ್ಯನಮಸ್ಕಾರ, ಕೊನೆಗೆ ಶವಾಸನ. 'ನನ್ನನ್ನು ನೋಡಿ, ಹೀಗೆ ಮಾಡಿ' ಅಂತ ಬರೆದುಕೊಂಡಿದ್ದೀನಿ. ಸಾಕಾ?"

ಝೂಮ್‌ನಲ್ಲಿ ಮೊದಲ ಸಲ ಯೋಗ ಹೇಳಿಕೊಡಲು ಹೊರಟು ಹೀಗೆ ಕೇಳಿದ ಮೇಡಂ, ಆ 'ನನ್ನನ್ನು ನೋಡಿ' ಅನ್ನೋದನ್ನ ಇವತ್ತೇ ಹೊಡೆದು ಹಾಕಿ. ನಾನೂ ಅದನ್ನೇ ಬರೆದುಕೊಂಡಿದ್ದೆ. ಭುಜಂಗಾಸನದಲ್ಲಿ ಒಬ್ಬರು ಪಕ್ಕದ ಕುರ್ಚಿ ಮೇಲಿದ್ದ ಫೋನ್ ನೋಡಲು ಕತ್ತು ತಿರುಗಿಸಿದರು, ಮೂರು ದಿನ ಕತ್ತು ಹಿಡಿದುಕೊಂಡಿತ್ತು. ಆಮೇಲೆ ರೆಕಾರ್ಡಿಂಗ್ ಕೇಳಿದರೆ 'ನೋಡಿ' ಅಂತ 23 ಸಲ ಹೇಳಿದ್ದೆ. ಪಾದಹಸ್ತಾಸನ, ಪರ್ವತಾಸನದಲ್ಲಿ ತಲೆ ಕೆಳಗಿರುವಾಗ ಅವರು ಏನನ್ನು ನೋಡಬೇಕು?

ನಾನೀಗ ಬರೆಯೋದು ಹೀಗೆ: "ಮುಂದಿನ ಹಂತ, ಬಲಗಾಲು ಹಿಂದಕ್ಕೆ. ಇನ್ನೂ ಹಾಕಬೇಡಿ. ಎರಡೂ ಅಂಗೈ ಪಾದದ ಪಕ್ಕ ನೆಲಕ್ಕೆ. ಈಗ ಉಸಿರು ತಗೊಳ್ತಾ ಬಲಗಾಲು ಹಿಂದೆ, ಮಂಡಿ ನೆಲಕ್ಕೆ. ಅಲ್ಲೇ ಇರಿ." ಮೊದಲು ಅಂಗ, ಆಮೇಲೆ ಜಾಗ, ಕೊನೆಗೆ ಉಸಿರು. ನೆಟ್ ತಡವಾಗುತ್ತೆ, ಹಾಗಾಗಿ 'ಅಲ್ಲೇ ಇರಿ' ಆದಮೇಲೆ ಒಂದು ಉಸಿರು ಸುಮ್ಮನಿರಿ.

ಬರೆದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಯೋಗ ಗೊತ್ತಿಲ್ಲದ ಮನೆಯವರಿಗೆ ಇನ್ನೊಂದು ಕೋಣೆಯಲ್ಲಿ ಹಾಕಿ. ರೆಕಾರ್ಡಿಂಗ್‌ನಲ್ಲಿ "ಕೈ ಕೆಳಗೆ" ಅಂತ ಬಂದಾಗಲೇ ನನ್ನ ತಂಗಿ ಗೊತ್ತಾಗದೆ ನಿಂತಳು, "ಪಾದದ ಮುಂದಾ ಪಕ್ಕಕ್ಕಾ?" ಅಂದಳು. ಅವರು ನಿಲ್ಲುವ ಸಾಲನ್ನೇ ತಿದ್ದಬೇಕು.

ನಿಮ್ಮ ಪ್ರಶ್ನೆಗೆ ಸರ್ ಒಬ್ಬರು Mirror my video ಆನ್ ಮಾಡಿದರೆ ಎಡಬಲ ಸರಿಹೋಗುತ್ತೆ ಅಂದಿದ್ದಾರೆ. ಝೂಮ್‌ನಲ್ಲಿ ಅದು ನಮ್ಮ ಪರದೆಗೆ ಮಾತ್ರ, ವಿದ್ಯಾರ್ಥಿಗಳಿಗೆ ತಿರುಗಿ ಕಾಣಲ್ಲ. ಎದುರು ನಿಂತರೆ ಬಾಯಲ್ಲಿ 'ಬಲ' ಅನ್ನಿ, ಎಡಗೈ ಎತ್ತಿ. ಸೂರ್ಯನಮಸ್ಕಾರಕ್ಕೆ ಪಕ್ಕದಿಂದ ಕಾಣುವ ಹಾಗೆ ಮ್ಯಾಟ್ ಹಾಕಿ, ಬಲಗಾಲಿನ ಸುತ್ತಿಗೆ ಬಲಪಕ್ಕ ಕ್ಯಾಮೆರಾ ಕಡೆ ಇರಲಿ. ಪೂರ್ತಿ ಮಾಡಿ ತೋರಿಸಬೇಕಾ, ಹೇಳಿ ಅವರನ್ನೇ ಗಮನಿಸಬೇಕಾ ಅನ್ನೋದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ನಾನು ಮೊದಲ ಸುತ್ತು ಮಾತ್ರ ಮಾಡಿ ತೋರಿಸ್ತೀನಿ.

ಹೊಸಬರಿಗೆ ಮೊದಲ ದಿನವೇ 12 ಸುತ್ತು ಬೇಡ, ನಾಲ್ಕು ಸಾಕು. ಪರಿಚಯ ಎರಡೇ ನಿಮಿಷ. ಝೂಮ್ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತೆ, ಶವಾಸನ 28ನೇ ನಿಮಿಷಕ್ಕೇ ಶುರುವಾಗಲಿ.

ಬಿಪಿ, ಗ್ಲಾಕೋಮಾ, ಡಿಸ್ಕ್ ತೊಂದರೆ, ಹರ್ನಿಯಾ, ಗರ್ಭಿಣಿಯಾ ಅನ್ನೋದನ್ನ ಹಿಂದಿನ ರಾತ್ರಿಯೇ ವಾಟ್ಸಾಪ್‌ನಲ್ಲಿ ಒಬ್ಬೊಬ್ಬರನ್ನೇ ಕೇಳಿ. ಲೈವ್‌ನಲ್ಲಿ ಎಲ್ಲರ ಮುಂದೆ ಯಾರೂ ಬಾಯಿ ಬಿಡಲ್ಲ. ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗೆ ಹೋಗುವ ಆಸನ ಬೇಡವೇ ಬೇಡ. "ಗೋಡೆಗೆ ಅಂಗೈ ಇಟ್ಟು ಸೊಂಟದ ಮಟ್ಟಕ್ಕೆ ಮಾತ್ರ ಬಾಗಿ" ಅನ್ನುವ ಸಾಲನ್ನು ಸ್ಕ್ರಿಪ್ಟಿನಲ್ಲೇ ಸೇರಿಸಿಕೊಳ್ಳಿ.

ಕಾಲರ್ ಮೈಕ್ ಎದೆಗೆ ಸಿಕ್ಕಿಸಬೇಡಿ. ಬಾಗಿದಾಗ ಬಟ್ಟೆಗೆ ಉಜ್ಜಿ, ಅವರಿಗೆ ಕಿವಿ ಬೇಕಾದ ಹೊತ್ತಿಗೇ ನಿಮ್ಮ ಮಾತು ಕೇಳಲ್ಲ. ಭುಜದ ಹತ್ತಿರ ಸಿಕ್ಕಿಸಿ.