ದೃಷ್ಟಿ, ತಾಯಿತ ಮತ್ತು ವಿದ್ವಾಂಸರ ಅಭಿಪ್ರಾಯ

“ಮಗುವಿಗೆ ದೃಷ್ಟಿಯಾಗಬಾರದೆಂದು ನಮ್ಮತ್ತೆ ತಾಯಿತ ಕಟ್ಟಿಸಿದ್ದಾರೆ, ಮಸೀದಿಯ ಮೌಲಾನಾ ಬೇಡವೆನ್ನುತ್ತಾರೆ. ದೃಷ್ಟಿ ನಿಜವಾದರೆ ತಾಯಿತ ಏಕೆ ತಪ್ಪು?”

ದೃಷ್ಟಿ ತಾಗುವುದು ನಿಜವೆಂದು ಹದೀಸಿನಲ್ಲಿಯೇ ಇದೆ. ವಿದ್ವಾಂಸರ ಭಿನ್ನಾಭಿಪ್ರಾಯ ಇರುವುದು ಪರಿಹಾರದ ಬಗ್ಗೆ. ಪ್ರವಾದಿಯವರ ಸಂಗಡಿಗರಾದ ಸಹಾಬಿಗಳಲ್ಲಿ ಒಬ್ಬರಾದ ಸಹಲ್ ಬಿನ್ ಹುನೈಫ್ ಸ್ನಾನ ಮಾಡುತ್ತಿದ್ದಾಗ ಅವರ ಮೈಬಣ್ಣವನ್ನು ಆಮಿರ್ ಬಿನ್ ರಬೀಆ ಹೊಗಳಿದರು, ಸಹಲ್ ಅಲ್ಲಿಯೇ ಕುಸಿದರು. ಆಗ ಪ್ರವಾದಿ ಮುಹಮ್ಮದರು, ಮೆಚ್ಚಿದ್ದನ್ನು ಕಂಡಾಗ ಬರ್ಕತ್ತಿಗಾಗಿ ಏಕೆ ಪ್ರಾರ್ಥಿಸಲಿಲ್ಲವೆಂದು ಆಮಿರ್ ಅವರನ್ನು ಕೇಳಿ, ಆಮಿರ್ ತಮ್ಮ ಮುಖ, ಕೈ, ಮೊಣಕಾಲು, ಪಾದಗಳನ್ನು ತೊಳೆದ ನೀರನ್ನು ಸಹಲ್ ಮೇಲೆ ಸುರಿಸಿದರು. ಕೊರಳಿಗೆ ಏನನ್ನೂ ಕಟ್ಟಿಸಲಿಲ್ಲ. ನನಗೆ ಮುಖ್ಯವೆನಿಸುವುದು ಇದೇ.

ತಾಯಿತ ತೂಗಿಸಿಕೊಳ್ಳುವುದು ಶಿರ್ಕ್, ಅಂದರೆ ಅಲ್ಲಾಹನಿಗೆ ಸಹಭಾಗಿಯನ್ನು ಕಲ್ಪಿಸುವುದು, ಎನ್ನುವ ಹದೀಸೂ ಇದೆ. ಆದರೆ ಕುರ್‌ಆನ್ ವಚನ ಅಥವಾ ದುಆ ಮಾತ್ರ ಇರುವ ತಾಯಿತಕ್ಕೂ ಅದು ಅನ್ವಯಿಸುತ್ತದೆಯೇ ಎಂಬಲ್ಲಿ ಸಹಾಬಿಗಳ ಕಾಲದಿಂದಲೂ ಒಮ್ಮತವಿಲ್ಲ: ಇಬ್ನ್ ಮಸ್‌ಊದ್ ಒಪ್ಪಲಿಲ್ಲ, ಅಬ್ದುಲ್ಲಾ ಬಿನ್ ಅಮ್ರ್ ಕಂಠಪಾಠ ಮಾಡಲಾಗದ ಚಿಕ್ಕ ಮಕ್ಕಳಿಗೆ ದುಆ ಬರೆದು ಕಟ್ಟುತ್ತಿದ್ದರೆಂಬ ವರದಿಯಿದೆ. ಇಂದಿಗೂ ಅಹ್ಲೆ ಹದೀಸ್ ವಿದ್ವಾಂಸರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಹನಫಿ ವಿದ್ವಾಂಸರಲ್ಲಿ ಅನೇಕರು, ಬರಹ ಅರ್ಥವಾಗುವಂತಿದ್ದು, ಕಾಯುವವನು ಅಲ್ಲಾಹನೇ ಹೊರತು ತಾಯಿತವಲ್ಲ ಎಂಬ ನಂಬಿಕೆಯಿದ್ದರೆ ಒಪ್ಪುತ್ತಾರೆ.

ಈ ಎಚ್ಚರ ಇಸ್ಲಾಮಿಗೆ ಮಾತ್ರ ಸೀಮಿತವಲ್ಲ. ಯಹೂದಿಗಳು ಬಾಗಿಲ ಚೌಕಟ್ಟಿಗೆ ಅಳವಡಿಸುವ ಧರ್ಮವಚನದ ಸುರುಳಿಯಾದ ಮೆಜೂಜಾದೊಳಗೆ ದೇವದೂತರ ಹೆಸರು ಬರೆದು ಅದನ್ನು ತಾಯಿತದಂತೆ ಮಾಡುವವರನ್ನು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಕಟುವಾಗಿ ಖಂಡಿಸಿದ್ದರು.

ಅತ್ತೆಯವರೊಂದಿಗೆ ವಾದಕ್ಕಿಳಿಯುವ ಮೊದಲು ತಾಯಿತವನ್ನು ಬಿಚ್ಚಿ, ಒಳಗಿನ ಚೀಟಿಯನ್ನು ಮೌಲಾನಾ ಅವರಿಗೆ ತೋರಿಸಿ.